ನನ್ನ ಬಟ್ಟೆ ಅಂಗಡಿಗೆ ಯಾವ ಬೆಳಕು ಸರಿಹೋಯಿತು: ಪ್ಯಾನೆಲ್, ಟ್ಯೂಬ್, ಬಲ್ಬ್ ಬಳಸಿದ ಐದು ವರ್ಷದ ಅನುಭವ

ನನ್ನದು 10 ಅಡಿ ಅಗಲ, 15 ಅಡಿ ಉದ್ದದ ಸಣ್ಣ ಅಂಗಡಿ. ಬಟ್ಟೆ, ದಾರ, ಗುಂಡಿ ಮಾರುತ್ತೇನೆ. ದಿನಕ್ಕೆ 11 ಗಂಟೆ ಲೈಟ್ ಉರಿಯುತ್ತದೆ. ರಜೆ ಕಳೆದರೆ ವರ್ಷಕ್ಕೆ ಹತ್ತಿರಹತ್ತಿರ 3,300 ಗಂಟೆ. ಮನೆಯಲ್ಲಿ ಸಂಜೆ ನಾಲ್ಕೈದು ಗಂಟೆ ಉರಿಯುವ ಲೈಟಿಗೂ ಇದಕ್ಕೂ ತುಂಬ ವ್ಯತ್ಯಾಸ. ಮನೆಯಲ್ಲಿ ಚೆನ್ನಾಗಿ ಬಾಳಿಕೆ ಬಂದ ಲೈಟು ಅಂಗಡಿಯಲ್ಲೂ ಅಷ್ಟೇ ವರ್ಷ ಬರುತ್ತದೆ ಅಂದುಕೊಳ್ಳಬೇಡಿ.

ಮೊದಲು ನಾಲ್ಕು ಹಳೇ ಕಾಲದ ಟ್ಯೂಬ್‌ಲೈಟ್ ಇದ್ದವು. ಚೋಕ್, ಸ್ಟಾರ್ಟರ್ ಇರುವಂಥವು. ಟ್ಯೂಬಿನ ಮೇಲೆ 36 ವ್ಯಾಟ್ ಎಂದಿದ್ದರೂ ಚೋಕ್ ಎಳೆಯುವುದನ್ನೂ ಸೇರಿಸಿದರೆ ಒಂದಕ್ಕೆ ಸುಮಾರು 45 ವ್ಯಾಟ್ ಆಗುತ್ತಿತ್ತು. ನಾಲ್ಕಕ್ಕೆ 180 ವ್ಯಾಟ್, ಅಂದರೆ ದಿನಕ್ಕೆ ಎರಡು ಯೂನಿಟ್. ತುದಿಗಳು ಕಪ್ಪಾಗಿ ಮಿಣಮಿಣ ಎನ್ನಲು ಶುರುವಾದಾಗ ಎಲ್ಲವನ್ನೂ ತೆಗೆಸಿದೆ. ಫಾಲ್ಸ್ ಸೀಲಿಂಗ್ ಮಾಡಿಸಿ 15 ವ್ಯಾಟಿನ ಆರು ಎಲ್‌ಇಡಿ ಪ್ಯಾನೆಲ್ ಹಾಕಿಸಿದೆ. ಒಟ್ಟು 90 ವ್ಯಾಟ್. ಕರೆಂಟು ನೇರವಾಗಿ ಅರ್ಧಕ್ಕಿಳಿಯಿತು.

ಮೊದಲ ದಿನ ತುಂಬ ಖುಷಿಯಾಯಿತು. ಕೌಂಟರ್ ಮೇಲೆ ಬೆಳಕು ಹಾಲಿನ ಹಾಗೆ ಬಿದ್ದಿತ್ತು. ಆದರೆ ಒಂದೇ ವಾರದಲ್ಲಿ ತೊಂದರೆ ಗೊತ್ತಾಯಿತು. ರ‍್ಯಾಕಿನ ಕೆಳಗಿನ ಎರಡು ಸಾಲಿನಲ್ಲಿ ಬಟ್ಟೆಯ ಬಣ್ಣವೇ ಕಾಣುತ್ತಿರಲಿಲ್ಲ. ಗಾಢ ನೀಲಿ, ಕಪ್ಪು, ಕಡು ಹಸಿರು ಎಲ್ಲ ಒಂದೇ ಥರ. ಗಿರಾಕಿಗಳು ಥಾನನ್ನು ಎತ್ತಿಕೊಂಡು ಬಾಗಿಲಿಗೆ ಹೋಗಿ ನೋಡುತ್ತಿದ್ದರು.

ಮೊಬೈಲಿನಲ್ಲಿ ಬೆಳಕು ಅಳೆಯುವ ಆ್ಯಪ್ ಹಾಕಿ ನೋಡಿದೆ. ಅದು ಕರಾರುವಾಕ್ಕಾಗಿ ಅಳೆಯುವುದಿಲ್ಲ ನಿಜ. ಆದರೆ ಅದೇ ಫೋನಿನಲ್ಲಿ ಎರಡು ಜಾಗ ಹೋಲಿಸಲು ಸಾಕು. ಕೌಂಟರ್ ಮೇಲೆ ಸುಮಾರು 450 ಲಕ್ಸ್ ತೋರಿಸಿತು. ಲಕ್ಸ್ ಅಂದರೆ ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ. ಫೋನನ್ನು ಕೆಳಗಿನ ರ‍್ಯಾಕಿನ ಬಟ್ಟೆಗೆ ಒರಗಿಸಿ ನೋಡಿದರೆ ಬರೀ 60.

ಕಾರಣ ಸರಳ. ಸೀಲಿಂಗಿನೊಳಗೆ ಕೂತ ಪ್ಯಾನೆಲ್ ಬೆಳಕನ್ನು ಹೆಚ್ಚಾಗಿ ನೇರ ಕೆಳಕ್ಕೆ ಚೆಲ್ಲುತ್ತದೆ. ನೆಲ, ಮೇಜು ಚೆನ್ನಾಗಿ ಬೆಳಗುತ್ತವೆ. ಆದರೆ ಅಂಗಡಿಯಲ್ಲಿ ಸಾಮಾನು ಇರುವುದು ಗೋಡೆಯ ಮೇಲೆ ಅಲ್ವಾ? ರ‍್ಯಾಕಿನ ಪ್ರತಿ ಹಲಗೆಯೂ ತನ್ನ ಕೆಳಗಿನ ಸಾಲಿಗೆ ನೆರಳು ಹಾಕುತ್ತದೆ. ಪ್ಯಾನೆಲಿನ ಡಬ್ಬದ ಮೇಲೆ ಬರೆದ ಲ್ಯೂಮೆನ್, ಅಂದರೆ ಅದರಿಂದ ಹೊರಬರುವ ಒಟ್ಟು ಬೆಳಕಿನ ಲೆಕ್ಕ, ಸುಳ್ಳಲ್ಲ. ನನ್ನ ಆರು ಪ್ಯಾನೆಲ್‌ನಿಂದ ಎಂಟು ಸಾವಿರಕ್ಕೂ ಜಾಸ್ತಿ ಲ್ಯೂಮೆನ್ ಬರುತ್ತಿತ್ತು. ಬೆಳಕು ಇತ್ತು, ಬೇಕಾದ ಕಡೆ ಬೀಳುತ್ತಿರಲಿಲ್ಲ.

ಆಗ ಎರಡು ಪ್ಯಾನೆಲ್ ಬಿಚ್ಚಿಸಿ, 20 ವ್ಯಾಟಿನ ಎರಡು ನಾಲ್ಕಡಿ ಎಲ್‌ಇಡಿ ಟ್ಯೂಬ್ ಹಾಕಿಸಿದೆ. ಗೋಡೆಗೆ ಅಂಟಿಸಲಿಲ್ಲ. ರ‍್ಯಾಕಿನಿಂದ ಒಂದೂವರೆ ಅಡಿ ಮುಂದೆ, ಸೀಲಿಂಗಿನಲ್ಲಿ ರ‍್ಯಾಕಿಗೆ ಸಮಾನಾಂತರವಾಗಿ ಇಟ್ಟು, ಮುಖವನ್ನು ಸ್ವಲ್ಪ ರ‍್ಯಾಕಿನ ಕಡೆ ತಿರುಗಿಸಿದ್ದೇವೆ. ಅದೇ ಫೋನು, ಅದೇ ಜಾಗ: 60 ಇದ್ದದ್ದು 190 ಆಯಿತು. ಉದ್ದನೆಯ ಟ್ಯೂಬಿನಿಂದ ಬೆಳಕು ಬೇರೆಬೇರೆ ಕಡೆಯಿಂದ ಬರುವುದರಿಂದ ನೆರಳೂ ಮೆದುವಾಗುತ್ತದೆ. ಹಳೇ ಟ್ಯೂಬು ಬೆಳಕನ್ನು ಸುತ್ತಲೂ ಚೆಲ್ಲಿ ಅರ್ಧದಷ್ಟನ್ನು ಸೀಲಿಂಗ್ ಕಡೆಗೇ ಕಳಿಸುತ್ತಿತ್ತು. ಎಲ್‌ಇಡಿ ಟ್ಯೂಬು ಬಹುಪಾಲು ಬೆಳಕನ್ನು ಮುಂದಕ್ಕೇ ಕೊಡುತ್ತದೆ. ಕಡಿಮೆ ವ್ಯಾಟಿನಲ್ಲಿ ಕೆಲಸ ಆಗುವುದಕ್ಕೆ ಇದೂ ಒಂದು ಕಾರಣ. ಈಗ ನಾಲ್ಕು ಪ್ಯಾನೆಲ್, ಎರಡು ಟ್ಯೂಬ್ ಸೇರಿ 100 ವ್ಯಾಟ್. ದಿನಕ್ಕೆ 1.1 ಯೂನಿಟ್.

ಹಳೇ ಟ್ಯೂಬ್‌ಲೈಟಿನ ಪಟ್ಟಿಗೇ ಎಲ್‌ಇಡಿ ಟ್ಯೂಬ್ ಸಿಕ್ಕಿಸುವವರು ಒಂದು ವಿಷಯ ನೋಡಿಕೊಳ್ಳಿ. ಕೆಲವು ಟ್ಯೂಬಿಗೆ ಕರೆಂಟು ಒಂದೇ ತುದಿಯಿಂದ, ಕೆಲವಕ್ಕೆ ಎರಡೂ ತುದಿಯಿಂದ ಕೊಡಬೇಕು. ಚೋಕ್, ಸ್ಟಾರ್ಟರ್ ತೆಗೆಯಬೇಕೋ ಬೇಡವೋ ಎಂಬುದೂ ಟ್ಯೂಬಿಗೆ ತಕ್ಕ ಹಾಗೆ ಬೇರೆ. ಜೊತೆಗೆ ಬರುವ ಚೀಟಿಯ ಚಿತ್ರವನ್ನು ಎಲೆಕ್ಟ್ರಿಷಿಯನ್‌ಗೆ ತೋರಿಸಿಯೇ ವೈರಿಂಗ್ ಮಾಡಿಸಿ.

ಇನ್ನು ಬಾಳಿಕೆ. ಡಬ್ಬದ ಮೇಲೆ 25,000 ಗಂಟೆ ಎಂದು ಬರೆದಿರುತ್ತದೆ. ನನ್ನ ಲೆಕ್ಕದಲ್ಲಿ ಅದು ಏಳೂವರೆ ವರ್ಷ. ಆದರೆ ಸಾಮಾನ್ಯವಾಗಿ ಆ ಲೆಕ್ಕ, ಬೆಳಕು ಹೊಸದಿದ್ದಾಗಿನ ನೂರರಲ್ಲಿ 70 ಭಾಗಕ್ಕೆ ಇಳಿಯುವವರೆಗಿನದು. ಅದು ಎಲ್‌ಇಡಿಯ ಲೆಕ್ಕ. ನನ್ನಲ್ಲಿ ಕೆಟ್ಟದ್ದೆಲ್ಲ ಎಲ್‌ಇಡಿ ಅಲ್ಲ, ಅದಕ್ಕೆ ಕರೆಂಟು ಕೊಡುವ ಡ್ರೈವರ್.

ಮೂರನೇ ವರ್ಷ ಒಂದು ಪ್ಯಾನೆಲ್ ಬೆಳಗ್ಗೆ ಹತ್ತಿ, ಹತ್ತು ನಿಮಿಷಕ್ಕೆ ಮಿನುಗಲು ಶುರುಮಾಡಿತು. ಆಮೇಲೆ ಪೂರ್ತಿ ಆರಿತು. ಮೇನ್ ಆಫ್ ಮಾಡಿ, ಬಿಚ್ಚಿಟ್ಟಿದ್ದ ಹಳೇ ಪ್ಯಾನೆಲಿನ ಡ್ರೈವರ್ ಜೋಡಿಸಿ, ಮತ್ತೆ ಆನ್ ಮಾಡಿಸಿದೆ. ಲಕ್ಷಣವಾಗಿ ಹತ್ತಿತು. ಕೆಟ್ಟ ಡ್ರೈವರಿನ ಡಬ್ಬಿ ತೆಗೆದು ನೋಡಿದರೆ ಒಳಗಿನ ಕೆಪಾಸಿಟರ್‌ನ ನೆತ್ತಿ ಉಬ್ಬಿ ಗುಮ್ಮಟದಂತಾಗಿತ್ತು. ಹಾಗಾಗಿದ್ದರೆ ಅದರ ಕಥೆ ಮುಗಿದಂತೆ. ಶಾಖವೇ ಅದರ ಶತ್ರು. ಸುಮಾರು 10 ಡಿಗ್ರಿ ಹೆಚ್ಚಾದರೆ ಇಂಥ ಕೆಪಾಸಿಟರ್‌ನ ಆಯಸ್ಸು ಅರ್ಧವಾಗುತ್ತದೆ. ನನ್ನ ಡ್ರೈವರುಗಳು ಗಾಳಿಯಾಡದ ಸೀಲಿಂಗಿನೊಳಗೆ ಪ್ಯಾನೆಲಿನ ಬೆನ್ನ ಮೇಲೇ ಮಲಗಿದ್ದವು. ಈಗ ಅವನ್ನು ಒಂದಡಿ ದೂರ ಸರಿಸಿ ಇಟ್ಟಿದ್ದೇನೆ.

ಬೇರೆ ಡ್ರೈವರ್ ತರುವಾಗ ವ್ಯಾಟ್ ಮಾತ್ರ ನೋಡಬೇಡಿ. ಹಳೆಯದರ ಮೇಲೆ ಔಟ್‌ಪುಟ್ ಎಷ್ಟು ಮಿಲಿ ಆಂಪ್ ಎಂದಿದೆಯೋ ಅಷ್ಟೇ ಇರಬೇಕು. ನನ್ನದು 300. ವೋಲ್ಟ್ ಮಿತಿಯೂ ಹೊಂದಬೇಕು. ಜಾಸ್ತಿ ಮಿಲಿ ಆಂಪಿನದು ಹಾಕಿದರೆ ಬೆಳಕು ಜೋರಾಗಿ ಬಂದು ಎಲ್‌ಇಡಿ ಬೇಗ ಸುಟ್ಟುಹೋಗುತ್ತದೆ. ಕರೆಂಟು ಇರುವಾಗ ಪ್ಯಾನೆಲಿನ ಪಿನ್ ಎಳೆದು ಮತ್ತೆ ಸಿಕ್ಕಿಸುವ ಅಭ್ಯಾಸವೂ ಬೇಡ. ಖಾಲಿ ಬಿಟ್ಟ ಡ್ರೈವರಿನಲ್ಲಿ ವೋಲ್ಟ್ ಏರಿರುತ್ತದೆ, ಸಿಕ್ಕಿಸಿದ ಕ್ಷಣ ಎಲ್‌ಇಡಿಗೆ ಪೆಟ್ಟು ಬೀಳಬಹುದು.

ಬಲ್ಬಿನ ವಿಷಯದಲ್ಲೂ ಶಾಖವೇ ತೀರ್ಪು ಕೊಟ್ಟಿತು. ಮುಂದಿನ ಗಾಜಿನ ಶೋಕೇಸಿನಲ್ಲಿ ಮುಚ್ಚಿದ ಗುಂಡನೆಯ ಗ್ಲಾಸಿನೊಳಗೆ 9 ವ್ಯಾಟಿನ ಮೂರು ಎಲ್‌ಇಡಿ ಬಲ್ಬ್ ಹಾಕಿದ್ದೆ. 14 ತಿಂಗಳಿಗೆ, ಅಂದರೆ ಸುಮಾರು 4,000 ಗಂಟೆಗೆ, ಎರಡು ಹೋದವು. ಅದೇ ದಿನ, ಅದೇ ಡಬ್ಬದಿಂದ ತೆಗೆದ ಇನ್ನೊಂದು ಬಲ್ಬು ಹಿಂದಿನ ಸಾಮಾನು ಕೋಣೆಯ ಬರೀ ಹೋಲ್ಡರಿನಲ್ಲಿದೆ. ಅದು ಇವತ್ತಿಗೂ ಉರಿಯುತ್ತಿದೆ. ಆ ಕೋಣೆಯ ಲೈಟನ್ನೂ ಅಂಗಡಿ ತೆರೆದಿರುವಷ್ಟು ಹೊತ್ತು ಆರಿಸುವುದಿಲ್ಲ. ಬೆಳಕಿನ ವಿಷಯಕ್ಕೆ ಬಂದರೆ 9 ವ್ಯಾಟಿನದು ಹಳೇ 60 ವ್ಯಾಟಿನ ತಂತಿ ಬಲ್ಬಿನಷ್ಟು ಬೆಳಕು ಕೊಡುತ್ತದೆ. ಆ ತಂತಿ ಬಲ್ಬಿನ ಆಯಸ್ಸು ಸಾವಿರ ಗಂಟೆ, ಅಂಗಡಿಯಲ್ಲಿ ನಾಲ್ಕು ತಿಂಗಳೂ ಬಾರದು. ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ.

ಪ್ಯಾನೆಲಿನ ಇನ್ನೊಂದು ಕೊರತೆ ನನಗೆ ನಾಲ್ಕನೇ ವರ್ಷ ಕಂಡಿತು. ತೆಳು ಪ್ಯಾನೆಲಿನಲ್ಲಿ ಎಲ್‌ಇಡಿಗಳು ಅಂಚಿನಲ್ಲಿರುತ್ತವೆ, ಒಳಗಿನ ಪ್ಲಾಸ್ಟಿಕ್ ಹಾಳೆ ಬೆಳಕನ್ನು ಹರಡುತ್ತದೆ. ಆ ಹಾಳೆ ಸಾಧಾರಣ ಪ್ಲಾಸ್ಟಿಕ್ಕಿನದಾದರೆ ಹಳದಿಯಾಗುತ್ತಾ ಬರುತ್ತದೆ. ದಿನಾ ನೋಡುವ ನಮಗೆ ಗೊತ್ತೇ ಆಗುವುದಿಲ್ಲ. ಬಿಳಿ ಬಟ್ಟೆ ಕೊಂಡವರೊಬ್ಬರು ಇದು ಕೆನೆ ಬಣ್ಣ ಅಲ್ವಾ ಎಂದು ಕೇಳಿದರು. ಬಿಳಿ ಹಾಳೆಯೊಂದನ್ನು ಮೊದಲು ಆ ಪ್ಯಾನೆಲ್ ಕೆಳಗೆ, ಆಮೇಲೆ ಟ್ಯೂಬಿನ ಕೆಳಗೆ ಹಿಡಿದು ನೋಡಿದೆ. ವ್ಯತ್ಯಾಸ ಎದ್ದು ಕಾಣುತ್ತಿತ್ತು.

ನಾಲ್ಕರಲ್ಲಿ ಎರಡು ಪ್ಯಾನೆಲ್ ಹಾಗಾಗಿವೆ. ಕೌಂಟರಿನ ಮೇಲಿನ ಒಂದನ್ನು ಬದಲಾಯಿಸಿದ್ದೇನೆ. ಈ ಸಲ ಎಲ್‌ಇಡಿಗಳು ಅಂಚಿನಲ್ಲಿಲ್ಲದೆ ಹಿಂಭಾಗದಲ್ಲೇ ಸಾಲಾಗಿ ಇರುವ, ಸ್ವಲ್ಪ ದಪ್ಪನೆಯದನ್ನು ತಂದೆ. ಬಾಗಿಲ ಬಳಿಯದು ಹಾಗೇ ಇದೆ. ಅಲ್ಲಿ ಯಾರೂ ಬಣ್ಣ ನೋಡುವುದಿಲ್ಲ.