19, 8, 5: ಒಂದೇ ಸ್ಪೆಕ್, ಮೂರು ಲೋ-ಪಾಸ್ ಫಿಲ್ಟರ್

ಮಾತಿನ ಧ್ವನಿಯನ್ನು ಸೆಕೆಂಡಿಗೆ 8,000 ಸಲ ಸ್ಯಾಂಪಲ್ ಮಾಡುವ ಬೋರ್ಡ್‌ಗೆ ಒಂದು ಅನಲಾಗ್ ಲೋ-ಪಾಸ್ ಬೇಕಿತ್ತು. ಟೆಲಿಫೋನ್ ಲೆಕ್ಕದಂತೆ 3.4 ಕಿಲೋಹರ್ಟ್ಸ್‌ವರೆಗೆ ಸಿಗ್ನಲ್ ಹಾಗೇ ಬರಬೇಕು. 4.6ರಿಂದ ಮೇಲಿನದು ಒಳಗೆ ಬಂದರೆ ಮಡಚಿಕೊಂಡು ಮತ್ತೆ 3.4ರ ಕೆಳಗೇ ಬೀಳುತ್ತದೆ (8 − 4.6 = 3.4). ಹಾಗಾಗಿ ಅಲ್ಲಿಂದಾಚೆ 40 ಡೆಸಿಬೆಲ್ ಕಡಿತ ಬೇಕು, ಪಾಸ್‌ಬ್ಯಾಂಡ್‌ನಲ್ಲಿ 0.5 ಡೆಸಿಬೆಲ್‌ಗಿಂತ ಜಾಸ್ತಿ ಏರಿಳಿತ ಇರಬಾರದು ಎಂದು ಗೆರೆ ಎಳೆದೆ. ಬಟರ್‌ವರ್ತ್, ಚೆಬಿಷೆವ್, ಎಲಿಪ್ಟಿಕ್ ಮೂರಕ್ಕೂ ಇದೇ ಸ್ಪೆಕ್.

```python
from math import pi
from scipy.signal import buttord, cheb1ord, ellipord
for f in (buttord, cheb1ord, ellipord):
    print(f(2*pi*3400, 2*pi*4600, 0.5, 40, analog=True)[0])
```

ಉತ್ತರ 19, 8, 5. ಬಟರ್‌ವರ್ತ್‌ಗೆ 16 ಸಾಕು ಅನ್ನುವವರೂ ಇದ್ದಾರೆ. ಅವರು 3.4ರಲ್ಲಿ 3 ಡೆಸಿಬೆಲ್ ನಷ್ಟ ಒಪ್ಪಿಕೊಂಡು ಲೆಕ್ಕ ಹಾಕಿರುತ್ತಾರೆ. ಉಳಿದೆರಡಕ್ಕೆ 0.5 ಕೊಟ್ಟು ಇದಕ್ಕೆ ಮಾತ್ರ 3 ಕೊಟ್ಟರೆ ಅದು ಹೋಲಿಕೆ ಅಲ್ಲ, ಅಲ್ವಾ? 0.5ನ್ನೇ ಉಳಿಸಿಕೊಂಡರೆ ಬಟರ್‌ವರ್ತ್‌ನ 3 ಡೆಸಿಬೆಲ್ ಬಿಂದು 3.59 ಕಿಲೋಹರ್ಟ್ಸ್‌ಗೆ ಹೋಗುತ್ತದೆ. ಹಾಗಾಗಿ `butter`ಗೆ ಕೊಡಬೇಕಾದದ್ದು ಈ 3.59. `cheby1`, `ellip` ಎರಡಕ್ಕೂ 3.4ನ್ನೇ ಕೊಡಬೇಕು, ಅವು ರಿಪಲ್ ಮುಗಿಯುವ ಅಂಚನ್ನು ಕೇಳುತ್ತವೆ.

19 ಆರ್ಡರ್ ಎಂದರೆ ಒಂಬತ್ತು ಎರಡನೇ ಆರ್ಡರ್ ಹಂತಗಳು, ಮೇಲೊಂದು ಆರ್‌ಸಿ. ಈ ಸ್ಪೆಕ್‌ಗೆ ಬಟರ್‌ವರ್ತ್ ಅಲ್ಲಿಗೇ ಮುಗಿಯಿತು. ನಿಜವಾದ ಪೈಪೋಟಿ ಇದ್ದದ್ದು 8 ಮತ್ತು 5ರ ನಡುವೆ.

ಆರ್ಡರ್ ನೋಡಿದರೆ 5 ಅಗ್ಗ ಅನ್ನಿಸುತ್ತದೆ. ಆದರೆ ಆಪ್-ಆಂಪ್ ಎಣಿಸಿದರೆ ಕಥೆ ತಿರುಗುತ್ತದೆ. 8ರ ಚೆಬಿಷೆವ್‌ಗೆ ನಾಲ್ಕು ಸ್ಯಾಲೆನ್-ಕೀ ಹಂತ ಸಾಕು, ನಾಲ್ಕು ಆಪ್-ಆಂಪ್ ಇರುವ ಒಂದೇ ಐಸಿಯಲ್ಲಿ ಮುಗಿಯುತ್ತದೆ. ಎಲಿಪ್ಟಿಕ್‌ಗೆ 4.46 ಮತ್ತು 6.39 ಕಿಲೋಹರ್ಟ್ಸ್‌ನಲ್ಲಿ ನಾಚ್ ಬೇಕು. ಸಾದಾ ಸ್ಯಾಲೆನ್-ಕೀ ನಾಚ್ ಕೊಡುವುದಿಲ್ಲ. ಬೈಕ್ವಾಡ್ ಹಾಕಬೇಕು, ಒಂದೊಂದಕ್ಕೆ ಮೂರ್ನಾಲ್ಕು ಆಪ್-ಆಂಪ್. ಕಾಯಿಲ್-ಕೆಪಾಸಿಟರ್‌ನಲ್ಲಿ ಕಟ್ಟುವುದಾದರೆ ಮಾತ್ರ ಎಲಿಪ್ಟಿಕ್ ಎರಡೇ ಕಾಯಿಲ್‌ನಲ್ಲಿ ಮುಗಿಯುತ್ತದೆ.

ಹಾಗಿದ್ದರೂ ನಾನು ಎಲಿಪ್ಟಿಕ್ ಆರಿಸಿದೆ. ಕಾರಣ, ಆರ್ಡರ್ ಅನ್ನು ಮೇಲಕ್ಕೆ ರೌಂಡ್ ಮಾಡುವಾಗ ಉಳಿಯುವ ಚಿಲ್ಲರೆ. ಸೂತ್ರ ಕೊಡುವ ಅಸಲಿ ಸಂಖ್ಯೆ ಚೆಬಿಷೆವ್‌ಗೆ 7.77, ಎಲಿಪ್ಟಿಕ್‌ಗೆ 4.68. ಪಾಸ್‌ಬ್ಯಾಂಡ್ ಅಂಚನ್ನು 3.4ರಲ್ಲೇ ಇಟ್ಟು 40 ಡೆಸಿಬೆಲ್ ಎಲ್ಲಿ ಮುಟ್ಟುತ್ತದೆ ಎಂದು ನೋಡಿದೆ. ಚೆಬಿಷೆವ್ 4.53ರಲ್ಲಿ ಮುಟ್ಟುತ್ತದೆ, ಎಲಿಪ್ಟಿಕ್ 4.33ರಲ್ಲೇ. ಅಂದರೆ ಚೆಬಿಷೆವ್‌ಗೆ ಉಳಿದ ಜಾಗ ಸುಮಾರು 70 ಹರ್ಟ್ಸ್. 1% ರೆಸಿಸ್ಟರ್, 1% ಕೆಪಾಸಿಟರ್ ಎರಡೂ ಒಂದೇ ಕಡೆ ವಾಲಿದರೆ ಫ್ರೀಕ್ವೆನ್ಸಿ 2%ರಷ್ಟು, ಅಂದರೆ 3.4ರ ಅಂಚಿನಲ್ಲಿ ಸುಮಾರು 70 ಹರ್ಟ್ಸ್ ಸರಿಯುತ್ತದೆ. ಜಾಗ ಅಲ್ಲಿಗೇ ಖಾಲಿ, ಇನ್ನೊಂದು ಕಡೆಗೆ ಏನೂ ಉಳಿಯುವುದಿಲ್ಲ.

ಎಲಿಪ್ಟಿಕ್‌ನಲ್ಲಿ ಹಾಗಲ್ಲ. ಅದರ ಪಾಸ್‌ಬ್ಯಾಂಡ್ ಅಂಚನ್ನು 3.5ಕ್ಕೆ ತಳ್ಳಿದೆ. ಸ್ಟಾಪ್‌ಬ್ಯಾಂಡ್ 4.45ರಲ್ಲಿ ಶುರುವಾಯಿತು. ಎರಡೂ ಕಡೆ ಸುಮಾರು 3% ಜಾಗ ಸಿಕ್ಕಿತು. 40ರ ಬದಲು 44 ಡೆಸಿಬೆಲ್ ಕಡಿತ ತೆಗೆದುಕೊಳ್ಳುವ ದಾರಿಯೂ ಇತ್ತು, ಆದರೆ ಬಿಡಿಭಾಗಗಳ ವಾಲಾಟಕ್ಕೆ ಈ ಜಾಗವೇ ಹೆಚ್ಚು ಬೇಕಾದದ್ದು.

ಚೆಬಿಷೆವ್ ಅನ್ನು 9ಕ್ಕೆ ಏರಿಸಬಹುದಲ್ಲ ಎಂದು ಕೇಳಬಹುದು. ಏರಿಸಿ ನೋಡಿದೆ. ಒಂದು ಲಾಭ ಇದೆ: ಸಮ ಆರ್ಡರ್‌ನಲ್ಲಿ ಡಿಸಿ ಮಟ್ಟ ರಿಪಲ್‌ನ ತಳದಲ್ಲಿ, ಅಂದರೆ 0.5 ಡೆಸಿಬೆಲ್ ಕೆಳಗೆ ಕೂರುತ್ತದೆ, 9ರಲ್ಲಿ ಆ ತೊಂದರೆ ಇಲ್ಲ. ಆದರೆ ಅತಿ ಚೂಪಾದ ಹಂತದ `Q` ಗಮನಿಸಿ. 8ರಲ್ಲೇ ಅದು 11.5, 9ರಲ್ಲಿ 14.6. ಎಲಿಪ್ಟಿಕ್‌ನದು ಬರೀ 7.7. ಆರ್ಡರ್ ಕಮ್ಮಿ ಇದ್ದದ್ದು ಕೈಹಿಡಿಯುವುದು ಇಲ್ಲೇ. `Q` 11.5 ಇರುವ ಹಂತ ಅಂಚಿನ ಹತ್ತಿರ ತನ್ನಷ್ಟಕ್ಕೆ 21 ಡೆಸಿಬೆಲ್ ಉಬ್ಬುತ್ತದೆ, ಉಳಿದ ಹಂತಗಳು ಅದನ್ನು ತಗ್ಗಿಸಿ ಸರಿದೂಗಿಸಬೇಕು. ಅದೊಂದು ಹಂತ ಸ್ವಲ್ಪ ಸರಿದರೂ ಲೆಕ್ಕ ತಪ್ಪುತ್ತದೆ. ಗುರುತಿಸುವುದು ಸುಲಭ: ಸ್ವೀಪ್ ಕೊಟ್ಟಾಗ 3.4ರ ಸ್ವಲ್ಪ ಮುಂಚೆ 0.5 ಡೆಸಿಬೆಲ್ ಮೀರಿದ ಗೂನು ಅಥವಾ ತಗ್ಗು ಕಾಣುತ್ತದೆ, ಕೆಳಗಿನ ಫ್ರೀಕ್ವೆನ್ಸಿಗಳಲ್ಲಿ ಎಲ್ಲ ಸರಿಯಾಗೇ ಇರುತ್ತದೆ. ಅಂಥ ಹಂತವನ್ನು ಮೊದಲು ಇಟ್ಟರೆ ಜೋರು ಸಿಗ್ನಲ್‌ಗೆ ಅದು ಕ್ಲಿಪ್ ಕೂಡ ಆಗುತ್ತದೆ, ಕೊನೆಗೆ ಇಡಿ.

ಎಲಿಪ್ಟಿಕ್‌ನ ಒಂದು ಕೊರತೆ ಹೇಳಲೇಬೇಕು. ನಾಚ್‌ಗಳಾಚೆ ಕಡಿತ ಮತ್ತೆ 40ಕ್ಕೆ ವಾಪಸ್ ಬರುತ್ತದೆ, ಆಮೇಲೆ ಬಹಳ ನಿಧಾನವಾಗಿ ಹೆಚ್ಚುತ್ತದೆ. ಚೆಬಿಷೆವ್ ಇಳಿಯುತ್ತಲೇ ಹೋಗುತ್ತದೆ. ಪಕ್ಕದಲ್ಲಿ ಸ್ವಿಚಿಂಗ್ ಸಪ್ಲೈ ಗಲಾಟೆ ಇದ್ದರೆ ಇದು ಮುಖ್ಯ.

ಇನ್ನು ಸ್ಯಾಂಪಲಿಂಗ್ 48 ಕಿಲೋಹರ್ಟ್ಸ್ ಮಾಡುವ ಸ್ವಾತಂತ್ರ್ಯ ಇದ್ದರೆ ಸ್ಟಾಪ್ ಅಂಚು 44.6ಕ್ಕೆ ಹೋಗುತ್ತದೆ. ಅದೇ 0.5, ಅದೇ 40. ಆಗ ಮೂರರ ಆರ್ಡರ್ 3, 2, 2. ಅಲ್ಲಿ ನಾನು ಸುಮ್ನೆ ಮೂರನೇ ಆರ್ಡರ್ ಬಟರ್‌ವರ್ತ್ ಹಾಕಿ, ಉಳಿದ ಕತ್ತರಿಸುವ ಕೆಲಸವನ್ನು ಡಿಜಿಟಲ್‌ಗೆ ಬಿಡುತ್ತೇನೆ.