ರಟ್ಟೆಯ ಒರಟು ಗುಳ್ಳೆಗಳಿಗೆ ಯೂರಿಯಾವೋ, ಲ್ಯಾಕ್ಟಿಕ್ ಆಮ್ಲವೋ?

ಚರ್ಮದಲ್ಲಿ ಸಣ್ಣ ಒರಟು ಗುಳ್ಳೆಗಳೇಳುವ ಕೆರಟೋಸಿಸ್ ಪಿಲಾರಿಸ್ ಎಂಬ ಸ್ಥಿತಿ ಇರುವವರಿಗೆ ಒಂದು ಅನುಕೂಲವಿದೆ: ಗುಳ್ಳೆಗಳು ಸಾಮಾನ್ಯವಾಗಿ ಎರಡೂ ರಟ್ಟೆಗಳ ಹೊರಬದಿಯಲ್ಲಿ ಒಂದೇ ರೀತಿ ಇರುತ್ತವೆ. ಹಾಗಾಗಿ ಎರಡು ಕ್ರೀಮುಗಳನ್ನು ಹೋಲಿಸಬೇಕೆನಿಸಿದಾಗ ಎಡ ರಟ್ಟೆಗೆ ಶೇ 20ರ ಯೂರಿಯಾ ಕ್ರೀಮನ್ನೂ ಬಲ ರಟ್ಟೆಗೆ ಶೇ 12ರ ಲ್ಯಾಕ್ಟಿಕ್ ಆಮ್ಲದ ಲೋಷನ್ನನ್ನೂ ಹಚ್ಚತೊಡಗಿದೆ. ಸೋಪು, ಸ್ನಾನ, ಬಟ್ಟೆ ಎಲ್ಲವೂ ಎರಡಕ್ಕೂ ಒಂದೇ.

ಈ ಗುಳ್ಳೆಗಳು ಮೊಡವೆಯಲ್ಲ, ಕೊಳೆಯೂ ಅಲ್ಲ. ಚರ್ಮದ ಹೊರಪದರದಲ್ಲಿರುವ ಕೆರಾಟಿನ್ ಎಂಬ ಪ್ರೋಟೀನು ರೋಮಕೂಪದ ಬಾಯಿಯಲ್ಲಿ ಶೇಖರಗೊಂಡು ಬಿರಡೆಯಂತೆ ಕೂರುತ್ತದೆ. ಕೆಲವೊಮ್ಮೆ ಒಳಗೆ ಸುರುಳಿಯಾದ ಕೂದಲೂ ಇರುತ್ತದೆ. ಈ ಪ್ರವೃತ್ತಿ ಬಹುತೇಕ ವಂಶಪಾರಂಪರ್ಯವಾಗಿ ಬರುತ್ತದೆ, ಒಣ ಚರ್ಮದವರಲ್ಲಿ ಹೆಚ್ಚು, ಒಣ ಹವೆಯಲ್ಲಿ ಉಲ್ಬಣಿಸುತ್ತದೆ. ಅಪಾಯವಿಲ್ಲ, ಸೋಂಕಲ್ಲ, ಪೂರ್ತಿ ಗುಣಪಡಿಸುವ ಔಷಧವೂ ಇಲ್ಲ. ನಾವು ಮಾಡಬಹುದಾದದ್ದು ಎರಡೇ: ಆ ಬಿರಡೆಯನ್ನು ಸಡಿಲಿಸುವುದು, ಸುತ್ತಲ ಚರ್ಮದಲ್ಲಿ ತೇವ ಉಳಿಸುವುದು. ಎರಡು ಕ್ರೀಮುಗಳೂ ಈ ಎರಡು ಕೆಲಸಗಳನ್ನೂ ಮಾಡುತ್ತವೆ, ಆದರೆ ಬೇರೆ ಬೇರೆ ಬಗೆಯಲ್ಲಿ.

ಯೂರಿಯಾ ಚರ್ಮದಲ್ಲಿ ಸಹಜವಾಗಿಯೇ ಇರುವ, ನೀರನ್ನು ಹಿಡಿದಿಡುವ ವಸ್ತು. ಕಡಿಮೆ ಪ್ರಮಾಣದಲ್ಲಿ ಅದು ಮುಖ್ಯವಾಗಿ ತೇವ ಕೊಡುತ್ತದೆ. ಶೇ 10 ದಾಟಿದಂತೆ ಕೆರಾಟಿನ್ನನ್ನು ಮೆದುಗೊಳಿಸುವ ಗುಣ ಹೆಚ್ಚುತ್ತದೆ. ಎಡ ರಟ್ಟೆಯಲ್ಲಿ ಮೊದಲ ವಾರದಲ್ಲೇ ಕೈಯಾಡಿಸಿದರೆ ವ್ಯತ್ಯಾಸ ತಿಳಿಯಿತು. ಗುಳ್ಳೆಗಳು ಕಣ್ಣಿಗೆ ಹಾಗೆಯೇ ಇದ್ದವು, ಆದರೆ ಮುಳ್ಳುಮುಳ್ಳಾದ ಒರಟುತನ ಇಳಿದಿತ್ತು. ಉರಿ ಇರಲಿಲ್ಲ. ಕ್ರೀಮು ಮಾತ್ರ ದಪ್ಪ. ಬೆವರುವ ದಿನಗಳಲ್ಲಿ ತೋಳಿಗೆ ಅಂಟಂಟಾಗಿ ಕೂರುತ್ತದೆ.

ಲ್ಯಾಕ್ಟಿಕ್ ಆಮ್ಲ ಸತ್ತ ಕೋಶಗಳ ನಡುವಿನ ಅಂಟನ್ನು ಬಿಡಿಸುತ್ತದೆ. ಬಲ ರಟ್ಟೆ ಮೊದಮೊದಲು ಚುರುಗುಟ್ಟಿತು, ಸ್ನಾನವಾದ ಕೂಡಲೇ ಹಚ್ಚಿದರೆ ಇನ್ನೂ ಹೆಚ್ಚು. ಕೂದಲು ತೆಗೆದ ದಿನವಾಗಲಿ, ತರಚಿದ ಚರ್ಮಕ್ಕಾಗಲಿ ಇದನ್ನು ಹಚ್ಚಲೇಬಾರದು. ಆದರೆ ಒಂದು ತಿಂಗಳು ಕಳೆಯುವ ಹೊತ್ತಿಗೆ ಕಣ್ಣಿಗೆ ಕಾಣುವ ಗುಳ್ಳೆಗಳು ಬಲಗಡೆಯೇ ಕಡಿಮೆಯಾಗಿದ್ದವು. ತೆಳುವಾದ ಲೋಷನ್ ಬೇಗ ಹೀರಿಕೊಳ್ಳುತ್ತದೆ ಎಂಬುದೂ ನನಗೆ ಇಷ್ಟವಾಯಿತು. ಇದರ ಜೊತೆಗೆ ಬರುವ ಕಟ್ಟುಪಾಡು ಸನ್‌ಸ್ಕ್ರೀನಿನದು: ಈ ಬಗೆಯ ಆಮ್ಲಗಳು ಚರ್ಮವನ್ನು ಬಿಸಿಲಿಗೆ ಹೆಚ್ಚು ಸೂಕ್ಷ್ಮವಾಗಿಸುತ್ತವೆ. ತೋಳಿಲ್ಲದ ಉಡುಪು ತೊಡುವವರು ಲೋಷನ್ ಬಳಸುತ್ತಿರುವಷ್ಟು ದಿನ ಮಾತ್ರವಲ್ಲ, ಅದನ್ನು ನಿಲ್ಲಿಸಿದ ನಂತರ ಒಂದು ವಾರವೂ ಸನ್‌ಸ್ಕ್ರೀನ್ ಹಚ್ಚಬೇಕು.

ಮೂರನೆಯ ಸ್ಪರ್ಧಿಯಾದ ಉಜ್ಜುವ ಸ್ಕ್ರಬ್ಬಿಗೆ ನನ್ನ ಪಟ್ಟಿಯಲ್ಲಿ ಜಾಗವೇ ಇಲ್ಲ. ಉಜ್ಜಿದ ಸಂಜೆ ನುಣುಪೆನಿಸುತ್ತದೆ, ಮರುದಿನ ಪ್ರತಿ ಗುಳ್ಳೆಯ ಸುತ್ತ ಕೆಂಪು. ನಮ್ಮಂಥ ಕಂದು ಚರ್ಮದಲ್ಲಿ ಆ ಕೆರಳಿಕೆ ಕಪ್ಪು ಚುಕ್ಕೆಯಾಗಿ ತಿಂಗಳುಗಟ್ಟಲೆ ಉಳಿಯಬಹುದು, ಮೂಲ ಗುಳ್ಳೆಗಿಂತ ಅದೇ ಹೆಚ್ಚು ಎದ್ದು ಕಾಣುತ್ತದೆ. ಉಗುರಿನಿಂದ ಚಿವುಟುವುದಕ್ಕೂ ಇದೇ ಫಲ.

ಹಾಗಾದರೆ ಯಾವುದು? ಚರ್ಮ ತೀರಾ ಒಣಗಿದ್ದರೆ, ಇಸುಬಿನ ಪ್ರವೃತ್ತಿಯಿದ್ದರೆ, ಉರಿ ಸಹಿಸಲಾಗದಿದ್ದರೆ ಯೂರಿಯಾವೇ ಸರಿ. ಚರ್ಮ ಗಟ್ಟಿಮುಟ್ಟಾಗಿದ್ದು ಗುಳ್ಳೆ ಕಾಣುವುದೇ ಚಿಂತೆಯಾಗಿದ್ದರೆ ಲ್ಯಾಕ್ಟಿಕ್ ಆಮ್ಲ. ನಾನು ಉಳಿಸಿಕೊಂಡದ್ದು ಯೂರಿಯಾವನ್ನು, ಏಕೆಂದರೆ ಬೇಸರವಿಲ್ಲದೆ ಪ್ರತಿದಿನ ಹಚ್ಚಲು ಸಾಧ್ಯವಾದದ್ದು ಅದನ್ನೇ. ಸುತ್ತಲ ಕೆಂಪನ್ನು ಮಾತ್ರ ಎರಡೂ ಅಷ್ಟಾಗಿ ತಗ್ಗಿಸಲಿಲ್ಲ; ಗುಳ್ಳೆ ಮೆದುವಾದರೂ ಕೆಂಪು ಉಳಿಯುವುದು ಈ ಸ್ಥಿತಿಯಲ್ಲಿ ಸಾಮಾನ್ಯ.

ಕ್ರೀಮು ಯಾವುದಾದರೂ ದಿನಚರಿ ಒಂದೇ. ಉಗುರುಬೆಚ್ಚನೆಯ ನೀರಿನಲ್ಲಿ ಹತ್ತು ನಿಮಿಷ ಮೀರದ ಸ್ನಾನ, ಪರಿಮಳವಿಲ್ಲದ ಮೃದು ಸೋಪು. ಟವೆಲಿನಿಂದ ತಿಕ್ಕದೆ ಒತ್ತಿ ನೀರು ತೆಗೆಯಬೇಕು. ಯೂರಿಯಾವಾದರೆ ಚರ್ಮ ಇನ್ನೂ ತುಸು ಒದ್ದೆಯಿರುವಾಗಲೇ ತೆಳುವಾಗಿ ಹಚ್ಚಬೇಕು; ಲ್ಯಾಕ್ಟಿಕ್ ಆಮ್ಲ ಚುರುಗುಟ್ಟುವವರು ಚರ್ಮ ಒಣಗುವವರೆಗೆ ಕಾಯುವುದು ಮೇಲು, ಆರಂಭದಲ್ಲಿ ದಿನ ಬಿಟ್ಟು ದಿನ ಸಾಕು. ಎರಡನ್ನೂ ಒಂದೇ ಜಾಗಕ್ಕೆ ಒಟ್ಟಿಗೆ ಹಚ್ಚಿ ಆತುರಪಡಬೇಡಿ. ಗುಳ್ಳೆಗಳಲ್ಲಿ ಕೀವು ತುಂಬಿದರೆ, ನೋವಾದರೆ, ತುರಿಕೆ ಜೋರಾದರೆ ಅದು ರೋಮಕೂಪದ ಸೋಂಕಿರಬಹುದು. ಆಗ ಕ್ರೀಮು ನಿಲ್ಲಿಸಿ ಚರ್ಮವೈದ್ಯರಿಗೆ ತೋರಿಸಬೇಕು.

ಚರ್ಮ ನುಣುಪಾಯಿತೆಂದು ಪೂರ್ತಿ ನಿಲ್ಲಿಸಿದರೆ ಕೆಲವೇ ವಾರಗಳಲ್ಲಿ ಒರಟುತನ ಮರಳುತ್ತದೆ. ನಾನೀಗ ವಾರಕ್ಕೆ ಎರಡು ಮೂರು ಸಲ ಯೂರಿಯಾ, ಉಳಿದ ದಿನ ಸಾದಾ ಮಾಯಿಶ್ಚರೈಸರ್ ಹಚ್ಚುತ್ತೇನೆ. ಹವೆ ಒಣಗಿದ ಕೂಡಲೇ ಮತ್ತೆ ಪ್ರತಿದಿನಕ್ಕೆ ಏರಿಸುತ್ತೇನೆ.