ಪೆಟ್ಟಿಗೆಯ ಮೇಲೆ ಐಎಸ್‌ಐ ಗುರುತಿತ್ತು, ಆದರೂ ಮೋಸಹೋದೆ

ಆನ್‌ಲೈನ್‌ನಲ್ಲಿ ಮಕ್ಕಳ ಆಟಿಕೆ ಮಾರಲು ಹೊರಟವರು ಇದನ್ನು ಓದಿದ ನಂತರವೇ ಸಗಟು ವ್ಯಾಪಾರಿಗೆ ಹಣ ಕಳುಹಿಸಬೇಕೆಂದು ಕೇಳಿಕೊಳ್ಳುತ್ತೇನೆ. ದೀಪ ಮಿನುಗಿಸಿ ಸದ್ದು ಮಾಡುತ್ತಾ ಓಡುವ, ಬ್ಯಾಟರಿ ಹಾಕುವ 80 ಕಾರುಗಳನ್ನು ತಲಾ 210 ರೂಪಾಯಿಯಂತೆ ಕೊಂಡು, ಒಟ್ಟು 16,800 ರೂಪಾಯಿ ಕಳೆದುಕೊಂಡು ಕುಳಿತಿದ್ದೇನೆ.

2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವೆಂಬುದು ನನಗೆ ಗೊತ್ತಿತ್ತು. ಗುರುತೂ ಇತ್ತು, ಅದರ ಕೆಳಗೆ CM/L ಎಂದು ಆರಂಭವಾಗುವ ಪರವಾನಗಿ ಸಂಖ್ಯೆಯೂ ಇತ್ತು, ವ್ಯಾಪಾರಿ ಪ್ರಯೋಗಾಲಯದ ಪರೀಕ್ಷಾ ವರದಿಯನ್ನೂ ಕಳುಹಿಸಿದ್ದರು. ನಂಬಿದೆ. ಆ ಸಂಖ್ಯೆಯನ್ನು ಒಮ್ಮೆಯೂ ಪರಿಶೀಲಿಸದೆ ನಂಬಿದೆ.

ಚಿತ್ರಗಳನ್ನೆಲ್ಲ ತೆಗೆದು ಮಾರಾಟ ತಾಣಕ್ಕೆ ಏರಿಸುವಾಗ ಪರವಾನಗಿಯ ವಿವರ ಕೇಳಿತು. ಆಗ ಐಎಸ್‌ಐ ಗುರುತಿಗೆ ಪರವಾನಗಿ ಕೊಡುವ ಭಾರತೀಯ ಮಾನಕ ಬ್ಯೂರೋ, ಅಂದರೆ ಬಿಐಎಸ್ ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್‌ನ Verify Licence Details ಭಾಗದಲ್ಲಿ ಸಂಖ್ಯೆ ಹಾಕಿದೆ. ತೆರೆಯ ಮೇಲೆ ಬಂದದ್ದು ಬೇರೆ ರಾಜ್ಯದ, ಪೆಟ್ಟಿಗೆಯ ಮೇಲೆಲ್ಲೂ ಇಲ್ಲದ ಒಂದು ಕಂಪನಿಯ ಹೆಸರು! ಅದರ ಪರವಾನಗಿ ಇದ್ದದ್ದು IS 9873ರ ಅಡಿಯಲ್ಲಿ, ವಿದ್ಯುತ್ ಬಳಸದ ಆಟಿಕೆಗಳಿಗೆ ಮಾತ್ರ. ಬ್ಯಾಟರಿಯಿಂದ ನಡೆಯುವ ಆಟಿಕೆಗೆ IS 15644ರ ಪರವಾನಗಿ ಬೇಕು. ನನ್ನ ಪೆಟ್ಟಿಗೆಯಲ್ಲಿ ಗುರುತಿನ ಮೇಲ್ಭಾಗದಲ್ಲೇ IS 9873 ಎಂದು ಅಚ್ಚಾಗಿತ್ತು; ತಪ್ಪು ಮೊದಲ ದಿನದಿಂದ ಕಣ್ಣೆದುರೇ ಇತ್ತು ಎಂಬುದನ್ನು ನೆನೆದಾಗಲೆಲ್ಲ ನಾಚಿಕೆಯಾಗುತ್ತದೆ.

ವ್ಯಾಪಾರಿಗೆ ಕರೆ ಮಾಡಿದೆ. "ಮೇಡಂ, ಟೆಸ್ಟ್ ರಿಪೋರ್ಟ್ ಕೊಟ್ಟಿದ್ದೇನಲ್ಲ, ಇನ್ನೇನು ಬೇಕು?" ಎಂದರು. ವರದಿ ಪ್ರಯೋಗಾಲಯಕ್ಕೆ ಹೋದ ಮಾದರಿಯ ಬಗ್ಗೆ ಮಾತ್ರ ಹೇಳುತ್ತದೆ, ಪರವಾನಗಿ ಸಿಗುವುದು ತಯಾರಿಸುವ ಕಾರ್ಖಾನೆಗೆ ಎಂದು ನಾನು ಹೇಳಿದಾಗ, "ಸಣ್ಣ ವ್ಯಾಪಾರಿಗಳಿಗೆ ವಿನಾಯಿತಿ ಇದೆ, ಸುಮ್ಮನೆ ಹಾಕಿ" ಎಂದರು. ಇದು ಶುದ್ಧ ಸುಳ್ಳು. ವಿನಾಯಿತಿ ಇರುವುದು ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿತರಾದ ಕುಶಲಕರ್ಮಿಗಳು ಮಾಡಿ ಮಾರುವ ಆಟಿಕೆಗಳಿಗೆ ಮತ್ತು ಚನ್ನಪಟ್ಟಣದ ಗೊಂಬೆಗಳಂತೆ ಭೌಗೋಳಿಕ ಗುರುತು ಪಡೆದು, ಅದರ ಅಧಿಕೃತ ಬಳಕೆದಾರರು ತಯಾರಿಸಿದ ಆಟಿಕೆಗಳಿಗೆ. ಕಾರ್ಖಾನೆಯ ಪ್ಲಾಸ್ಟಿಕ್ ಕಾರಿಗೂ ಅದಕ್ಕೂ ಸಂಬಂಧವೇ ಇಲ್ಲ. ಗುರುತಿಲ್ಲದ ಆಟಿಕೆಯನ್ನು ಮಾರುವುದಷ್ಟೇ ಅಲ್ಲ, ಮಾರಾಟಕ್ಕೆಂದು ದಾಸ್ತಾನು ಇಡುವುದು, ಪ್ರದರ್ಶಿಸುವುದೂ ಬಿಐಎಸ್ ಕಾಯ್ದೆಯಡಿ ಅಪರಾಧ. ಸಿಕ್ಕಿಬೀಳುತ್ತಿದ್ದವಳು ನಾನು, ಅವರಲ್ಲ.

ಹಣ ವಾಪಸು ಕೇಳಿದ್ದಕ್ಕೆ ಬಂದ ಉತ್ತರ: "ಪೆಟ್ಟಿಗೆ ಒಡೆದಿದ್ದೀರಿ, ವಾಪಸ್ ತಗೊಳ್ಳೋದಿಲ್ಲ. ಬೇರೆಯವರು ಯಾರೂ ಇಷ್ಟು ಕೇಳೋದಿಲ್ಲ ಮೇಡಂ." ಚಿತ್ರ ತೆಗೆಯಲು ಒಡೆದದ್ದು ಒಂದೇ ಒಂದು ಪೆಟ್ಟಿಗೆ.

ಹಣ ಕೊಡುವ ಮೊದಲು ಪೆಟ್ಟಿಗೆಯ ಫೋಟೋ ತರಿಸಿ, ಸಂಖ್ಯೆಯನ್ನು ನೀವೇ ಆ್ಯಪ್‌ನಲ್ಲಿ ಹಾಕಿ, ತಯಾರಕರ ಹೆಸರು, ಪರವಾನಗಿಯ ಅವಧಿ ಮತ್ತು IS ಸಂಖ್ಯೆ ಈ ಮೂರೂ ಹೊಂದುತ್ತವೆಯೇ ನೋಡಿ. ಒಂದು ಹೊಂದದಿದ್ದರೂ ಕೊಳ್ಳಬೇಡಿ. ಗುರುತಿನ ದುರ್ಬಳಕೆಯ ಬಗ್ಗೆ ಅದೇ ಆ್ಯಪ್‌ನಲ್ಲಿ ದೂರು ಕೊಟ್ಟಿದ್ದೇನೆ. 80 ಕಾರುಗಳೂ ಒಳಕೋಣೆಯಲ್ಲಿವೆ. ಅವುಗಳಲ್ಲಿ ಒಂದನ್ನೂ ನಾನು ಯಾವ ಮಗುವಿನ ಕೈಗೂ ಕೊಡುವುದಿಲ್ಲ.